ಗಿಲಿ ಎಂದರೆ ಯಾರು?
(ಬಾನುಲಿ ಭಾಷಣ)



ನಮ್ಮೂರು ಕೊಣ್ಣೂರ. ಘಟಪ್ರಭೆ ಬಂಡೆಯ ಮೇಲಿನಿಂದ ಸುಮಾರು 52 ಮೀಟರು ಕೆಳಕ್ಕೆ ಧುಮುಕುವ ಗೋಕಾಕದ ಜಲಪಾತ ಅಲ್ಲಿಗೆ ದೂರವೇನಲ್ಲ. ಬೇಸಗೆಯಲ್ಲಿ ನೀರು ಇಳಿದು ಸದ್ದು ಅಡಗಿದಾಗ ನಾವು ಹುಡುಗರು ಆ ಕಮರಿಯ ಅಂಚಿಗೆ ನಿಂತು ಒಬ್ಬರನ್ನೊಬ್ಬರು ಕೂಗುತ್ತಿದ್ದೆವು. ಎದುರಿನ ಕಲ್ಲುಗೋಡೆ ನಮ್ಮ ಕೂಗನ್ನು ತಿರುಗಿ ಕೊಡುತ್ತಿತ್ತು; ಆದರೆ ಪೂರ್ತಿಯಾಗಿ ಅಲ್ಲ. ಮಾತಿನ ತಲೆ ಎಲ್ಲಿಯೋ ಕಳೆದುಹೋಗಿ ಬಾಲವಷ್ಟೇ ಮರಳಿ ಬರುತ್ತಿತ್ತು.

ನಾವು ದಿನವೂ ಆಡುವ ಮಾತಿನಲ್ಲಿಯೂ ಇಂಥದೇ ಒಂದು ಪ್ರತಿಧ್ವನಿ ಉಂಟು. ಕಾಫಿ-ಗೀಫಿ, ಊಟ-ಗೀಟ, ರೊಕ್ಕ-ಗಿಕ್ಕ, ಹಾವು-ಗೀವು. ಇಲ್ಲಿಯೂ ಎರಡನೆಯ ಸಲ ಮಾತಿನ ತಲೆ ಕಳಚಿಹೋಗಿ ಬಾಲ ಮಾತ್ರ ಉಳಿಯುತ್ತದೆ. ಕಳಚಿದ ತಲೆಯ ಜಾಗದಲ್ಲಿ ಒಂದು ‘ಗಿ’ ಬಂದು ಕೂಡುತ್ತದೆ. ಭಾಷಾವಿಜ್ಞಾನಿಗಳು ಇಂಥವನ್ನು ಪ್ರತಿಧ್ವನಿ ಪದಗಳೆಂದು ಕರೆದಿರುವುದು ಸಾರ್ಥಕವಾಗಿದೆ. ಇವುಗಳ ಹಗುರವಾದ ಧಾಟಿಯನ್ನು ಇಂಗ್ಲಿಷಿಗೆ ತರುವುದು ಹೇಗೆಂಬುದೇ ಈ ಹೊತ್ತಿನ ನನ್ನ ವಿಷಯ. ಇದು ಪಂಡಿತರ ಕೌತುಕಕ್ಕಷ್ಟೇ ಸೇರಿದ್ದೆಂದು ನಾನೂ ಒಂದು ಕಾಲಕ್ಕೆ ತಿಳಿದಿದ್ದೆ. ಹಾಗಲ್ಲವೆಂಬುದನ್ನು ಒಬ್ಬ ಮುದುಕನ ಅನ್ನಕ್ಕೆ ಸಂಚಕಾರ ತಂದು ಕಲಿಯಬೇಕಾಯಿತು. ಆ ಸಂಗತಿಯನ್ನು ಮುಂದೆ ಹೇಳುತ್ತೇನೆ.

ಮೊದಲು ಈ ಪದಗಳು ಹುಟ್ಟುವ ಬಗೆಯನ್ನು ಸ್ವಲ್ಪ ನೋಡೋಣ. ಪದದ ಮೊದಲ ಅಕ್ಷರ ಹ್ರಸ್ವವಾಗಿದ್ದರೆ ‘ಗಿ’, ದೀರ್ಘವಾಗಿದ್ದರೆ ‘ಗೀ’. ಮನೆ-ಗಿನೆ; ಮಾತು-ಗೀತು. ಮೊದಲಲ್ಲಿ ಒತ್ತಕ್ಷರವಿದ್ದರೆ ಅದೂ ಇಡಿಯಾಗಿ ಹೋಗುತ್ತದೆ: ಪ್ರೀತಿ-ಗೀತಿ. ಸ್ವರವೇ ಮೊದಲಿದ್ದರೆ ಅದರ ಜಾಗಕ್ಕೆ ‘ಗಿ’ ಬರುತ್ತದೆ: ಅಡಿಗೆ-ಗಿಡಿಗೆ. ಈ ನಿಯಮವನ್ನು ಯಾವ ಶಾಲೆಯಲ್ಲಿಯೂ ಯಾರಿಗೂ ಕಲಿಸಬೇಕಾಗಿಲ್ಲ. ನಿನ್ನೆ ಮೊನ್ನೆ ಬಂದ ಪರಭಾಷೆಯ ಮಾತಿಗೂ ನಮ್ಮ ಮೂರು ವರ್ಷದ ಮಗು ತಪ್ಪಿಲ್ಲದೆ ಬಾಲ ಕಟ್ಟುತ್ತದೆ. ಇಂಗ್ಲಿಷಿನಲ್ಲಿ ಬರೆಯುವ ಕೆಲವರು ಇದನ್ನು ‘ಕಾಫಿ-ಗಾಫಿ’ ಎಂದು ಬರೆಯುವುದುಂಟು. ಅದು ನಮ್ಮ ಕಿವಿಗೆ ಒಗ್ಗದು. ನಮ್ಮಲ್ಲಿ ವ್ಯಂಜನದೊಂದಿಗೆ ಸ್ವರವೂ ಬದಲಾಗಬೇಕು. ಪದವೇ ‘ಗಿ’ ಎಂದು ತೊಡಗಿದರೆ ಮಾತ್ರ ತೊಡಕು. ಗಿಡಕ್ಕೆ ‘ಗಿಡ-ಗಿಡ’ ಎಂದರೆ ಪ್ರತಿಧ್ವನಿಯಾಗದು. ಆಗ ನಾವು ಗಿಡಗಂಟಿ ಎಂಬ ಬೇರೆ ಜೋಡುನುಡಿಯ ಮೊರೆಹೊಗುತ್ತೇವೆ.

ನಮ್ಮದು ಗಡಿಯ ಸೀಮೆ. ನೆರೆಯ ಮರಾಠಿಯವರು ‘ಚಹಾ-ಬಿಹಾ’ ಎನ್ನುತ್ತಾರೆ. ನಾವು ‘ಚಹಾ-ಗಿಹಾ’ ಎನ್ನುತ್ತೇವೆ. ಹಿಂದಿಯವರು ‘ಚಾಯ್-ವಾಯ್’ ಎನ್ನುತ್ತಾರೆ. ಗಕಾರ, ಬಕಾರ, ವಕಾರ ಎಂಬಷ್ಟೇ ಭೇದ. ಮನಸ್ಸಿನ ಧಾಟಿ ಒಂದೇ.

ಈಗ ನಮ್ಮ ಅಜ್ಜಿ ಹೇಳುತ್ತಿದ್ದ ಒಂದು ಕಥೆ. ಒಂದು ಮಳೆಗಾಲದ ರಾತ್ರಿ, ಅಡವಿಯ ಅಂಚಿನ ಗುಡಿಸಲಲ್ಲಿ ಒಬ್ಬ ಮುದುಕಿ ಮೊಮ್ಮಗನನ್ನು ಸಂತೈಸುತ್ತಿದ್ದಳಂತೆ. “ಹೊರಗ ಹೋಗಬ್ಯಾಡೋ ನನ್ನಪ್ಪಾ, ಹುಲಿ-ಗಿಲಿ ಬಂದೀತು” ಎಂದಳು. ಗೋಡೆಯ ಹಿಂದೆ ಮಳೆಗೆ ಮುದುಡಿ ನಿಂತಿದ್ದ ಹುಲಿ ಇದನ್ನು ಕೇಳಿತು. ‘ಹುಲಿಯೆಂದರೆ ನಾನು. ಈ ಗಿಲಿ ಯಾರು? ಮುದುಕಿ ನನ್ನ ಜೊತೆಗೆ ಅದರ ಹೆಸರನ್ನೂ ಹೇಳುತ್ತಾಳೆಂದರೆ ಅದು ನನಗಿಂತ ದೊಡ್ಡ ಪ್ರಾಣಿಯೇ ಇರಬೇಕು’ ಎಂದು ಅದಕ್ಕೆ ನಡುಕ ಹುಟ್ಟಿತು. ಅಷ್ಟರಲ್ಲಿ ತಪ್ಪಿಸಿಕೊಂಡ ಕತ್ತೆಯನ್ನು ಹುಡುಕುತ್ತ ಬಂದ ಕುಂಬಾರನೊಬ್ಬ ಕತ್ತಲಲ್ಲಿ ಹುಲಿಯ ಕಿವಿ ಹಿಡಿದು, ಬೆನ್ನಿಗೆ ಎರಡು ಬಿಗಿದು, ಏರಿಯೇ ಬಿಟ್ಟ. ಹುಲಿ ‘ಗಿಲಿ ಬಂತು’ ಎಂದುಕೊಂಡು ತೆಪ್ಪಗೆ ನಡೆಯಿತಂತೆ.

ದ್ರಾವಿಡ ಭಾಷೆಗಳ ದೊಡ್ಡ ವಿದ್ವಾಂಸರಾದ ಮರ್ರೆ ಎಮೆನೊ ಅವರು 1938ರಷ್ಟು ಹಿಂದೆಯೇ ದ್ರಾವಿಡ ಜನಪದ ಕಥೆಗಳಲ್ಲಿ ಬರುವ ಈ ಪ್ರತಿಧ್ವನಿ ಪದದ ಆಶಯವನ್ನು ಕುರಿತು ಒಂದು ಲೇಖನ ಬರೆದರು. ಅಜ್ಜಿಯ ಬಾಯಲ್ಲಿ ಕೇಳಿದ್ದು ವಿದ್ವತ್ಪತ್ರಿಕೆಗೂ ವಿಷಯವಾಗಿತ್ತೆಂದು ತಿಳಿದಾಗ ನನಗೆ ಸಂತೋಷವಾಯಿತು. ಆದರೆ ನನಗೆ ಈ ಕಥೆಯ ಬೆಲೆ ಬೇರೆಯೇ ಇದೆ. ಆ ಹುಲಿಯೇ ನಮ್ಮ ಭಾಷೆಯ ಮೊದಲನೆಯ ಕೆಟ್ಟ ಅನುವಾದಕ! ‘ಗಿಲಿ’ ಎಂಬುದು ಇನ್ನೊಂದು ವಸ್ತುವಿನ ಹೆಸರೆಂದು ಅದು ತಿಳಿಯಿತು. ಮುದುಕಿ ಪ್ರಾಣಿಗಳ ಪಟ್ಟಿ ಕೊಡುತ್ತಿರಲಿಲ್ಲ. ‘ಏನಾದರೂ ಬಂದೀತು’ ಎಂದು ಮಾತನ್ನು ಸಡಿಲಾಗಿ ಬಿಟ್ಟಿದ್ದಳು, ಅಷ್ಟೇ.

ಇನ್ನು ನನ್ನ ತಪ್ಪಿನ ಕಥೆ. ಬಹಳ ವರ್ಷಗಳ ಹಿಂದೆ ನಾನು ಒಂದು ಕಚೇರಿಯಲ್ಲಿ ಕಾರಕೂನನಾಗಿದ್ದೆ. ನನಗೆ ಇಂಗ್ಲಿಷು ಬರುತ್ತದೆಂಬ ಹೆಸರಿತ್ತು. ಆ ಕಚೇರಿಗೆ ಸೇರಿದ ಗೋದಾಮಿನ ಕಾವಲುಗಾರ ನಮ್ಮೂರ ಕಡೆಯ ಮುದುಕ. ನಾನು ಅವನನ್ನು ಕಾಕಾ ಎಂದು ಕರೆಯುತ್ತಿದ್ದೆ. ಸರದಿ ತಪ್ಪಿಸಿ ಗಾಡಿಗಳನ್ನು ಒಳಗೆ ಬಿಡಲು ಅವನು ಗಾಡಿಯವರಿಂದ ಹಣ ತೆಗೆದುಕೊಳ್ಳುತ್ತಾನೆಂದು ಯಾರೋ ಅರ್ಜಿ ಹಾಕಿದರು. ವಿಚಾರಣೆಗೆ ಬಂದ ಅಧಿಕಾರಿ ಉತ್ತರ ಹಿಂದುಸ್ತಾನದವರು; ಕನ್ನಡ ಬಾರದು. ಕಾಕಾ ಹೇಳಿದ್ದನ್ನು ಇಂಗ್ಲಿಷಿನಲ್ಲಿ ಬರೆದು ಒಪ್ಪಿಸುವ ಕೆಲಸ ನನ್ನ ಪಾಲಿಗೆ ಬಂತು.

ಕಾಕಾ ಹೇಳಿದ್ದು ಎರಡೇ ವಾಕ್ಯ. “ನಾ ಯಾರ ಕಡಿಂದನೂ ರೊಕ್ಕ-ಗಿಕ್ಕ ತಗೊಂಡಿಲ್ಲರೀ. ಚಹಾ-ಗಿಹಾ ಕುಡದಿರಬೇಕು, ಅಷ್ಟ.”

ನಾನು ಬಹಳ ಪ್ರಾಮಾಣಿಕನಾಗಿ, ಒಂದು ಅಕ್ಷರವೂ ಬಿಟ್ಟುಹೋಗಬಾರದೆಂದು, ಹೀಗೆ ಬರೆದೆ: ‘ಐ ಹ್ಯಾವ್ ನಾಟ್ ಟೇಕನ್ ಮನಿ ಎಟ್ಸೆಟ್ರಾ ಫ್ರಮ್ ಎನಿಬಡಿ. ಐ ಮಸ್ಟ್ ಹ್ಯಾವ್ ಟೇಕನ್ ಟೀ ಎಟ್ಸೆಟ್ರಾ.’ ಗಿಕ್ಕಕ್ಕೆ ಒಂದು ಎಟ್ಸೆಟ್ರಾ, ಗಿಹಾಕ್ಕೆ ಒಂದು ಎಟ್ಸೆಟ್ರಾ. ಲೆಕ್ಕ ಸರಿಯಾಗಿತ್ತು.

ಸಂಜೆ ಕಾಗದ ತಿರುಗಿ ನನ್ನ ಮೇಜಿಗೆ ಬಂದಾಗ ಎರಡನೆಯ ಎಟ್ಸೆಟ್ರಾದ ಕೆಳಗೆ ಕೆಂಪು ಪೆನ್ಸಿಲಿನ ಗೆರೆ ಇತ್ತು. ಅಂಚಿನಲ್ಲಿ ಅಧಿಕಾರಿಗಳ ಟಿಪ್ಪಣಿ: ಈತನು ಚಹವನ್ನೂ ಇತರ ವಸ್ತುಗಳನ್ನೂ ಪಡೆದಿರುವುದಾಗಿ ಒಪ್ಪಿಕೊಂಡಿದ್ದಾನೆ, ಆ ಇತರ ವಸ್ತುಗಳು ಯಾವುವು? ಮದ್ಯವೇ?

ಓದಿ ನನ್ನ ಕೈ ತಣ್ಣಗಾಯಿತು. ಹುಲಿ ಕೇಳಿದ್ದೂ ಇದೇ ಪ್ರಶ್ನೆಯನ್ನೇ ಅಲ್ಲವೆ? ಗಿಲಿ ಎಂದರೆ ಯಾರು? ಕಥೆಯಲ್ಲಿ ಹುಲಿ ಹೆದರಿ ನಡುಗಿತು. ಇಲ್ಲಿ ಮುದುಕನ ನೌಕರಿ ಹೋಗುವುದರಲ್ಲಿತ್ತು. ಗಿಲಿಯನ್ನು ಸೃಷ್ಟಿಸಿದವನು ನಾನು.

ಆ ರಾತ್ರಿ ಕುಳಿತು ಎರಡೂ ವಾಕ್ಯಗಳನ್ನು ಬಿಡಿಸಿ ನೋಡಿದೆ. ಎಟ್ಸೆಟ್ರಾ ಎಂಬ ಒಂದೇ ಮಾತು ಮೊದಲನೆಯ ವಾಕ್ಯದಲ್ಲಿ ಕಾಕಾನಿಗೆ ಕೇಡು ಮಾಡಲಿಲ್ಲ. ಎರಡನೆಯದರಲ್ಲಿ ಏಕೆ ಮಾಡಿತು? ಮೊದಲನೆಯದು ನಿರಾಕರಣೆ. ನಿರಾಕರಣೆಯಲ್ಲಿ ‘ರೊಕ್ಕ-ಗಿಕ್ಕ’ ಎಂದರೆ ಇಲ್ಲವೆನ್ನುವ ಮಾತಿನ ಅಗಲ ಹೆಚ್ಚುತ್ತದೆ: ರೊಕ್ಕವೂ ಇಲ್ಲ, ಆ ಜಾತಿಯದು ಯಾವುದೂ ಇಲ್ಲ. ಅಲ್ಲಿ ‘ಇತ್ಯಾದಿ’ ಎಂದರೆ ಮಾತು ಒರಟಾದೀತು, ಅರ್ಥ ಕೆಡದು. ಎರಡನೆಯದು ಒಪ್ಪಿಗೆ. ಒಪ್ಪಿಗೆಯಲ್ಲಿ ಕನ್ನಡದ ‘ಗಿ’ ವಸ್ತುವನ್ನು ಹಿಗ್ಗಿಸುವುದಿಲ್ಲ, ಕುಗ್ಗಿಸುತ್ತದೆ. ‘ಚಹಾ-ಗಿಹಾ’ ಎಂದರೆ ಚಹವೂ ಇನ್ನೊಂದೂ ಅಲ್ಲ. ಚಹದಂಥ ಒಂದು ಅಲ್ಪ ವಸ್ತು, ಲೆಕ್ಕಕ್ಕೆ ಬಾರದ್ದು. ಇಂಗ್ಲಿಷಿನ ಎಟ್ಸೆಟ್ರಾ ಮಾಡುವುದು ಇದಕ್ಕೆ ತೀರ ವಿರುದ್ಧವಾದದ್ದನ್ನು. ಅದು ಪಟ್ಟಿಯ ಕೊನೆಗೆ ಬರುವ ಮಾತು. ‘ಇನ್ನೂ ಇವೆ, ಬರೆದಿಲ್ಲ’ ಎನ್ನುತ್ತದೆ. ನಿರಾಕರಿಸುವವನ ಬಾಯಲ್ಲಿ ಅದು ನಿರಾಕರಣೆಯನ್ನು ಹಿಗ್ಗಿಸಿತು. ಒಪ್ಪುವವನ ಬಾಯಲ್ಲಿ ಅಪರಾಧವನ್ನು ಹಿಗ್ಗಿಸಿತು.

ಇದರ ಜೊತೆಗೆ ಇನ್ನೊಂದು ತಪ್ಪು. ‘ಕುಡದಿರಬೇಕು’ ಎಂಬಲ್ಲಿಯ ‘ಬೇಕು’ ಎಂಬುದಕ್ಕೆ ನಾನು ‘ಮಸ್ಟ್’ ಎಂದು ಬರೆದಿದ್ದೆ. ಕಾಕಾ ಹೇಳಿದ್ದು ‘ಕುಡಿದಿದ್ದರೂ ಇದ್ದೇನು’ ಎಂಬ ಅರ್ಥದಲ್ಲಿ. ‘ಗಿಹಾ’ ಎಂಬ ಸಡಿಲ ಮಾತಿನ ಪಕ್ಕದಲ್ಲಿ ಬಂದ ಆ ‘ಬೇಕು’ ತಾನೂ ಸಡಿಲವಾಗಿತ್ತು. ನಾನು ಅದನ್ನು ಬಿಗಿದು ಮೊಳೆ ಹೊಡೆದಿದ್ದೆ. ವಾಕ್ಯದ ಕೊನೆಯ ‘ಅಷ್ಟ’ ಎಂಬ ಮಾತನ್ನಂತೂ ಬಿಟ್ಟೇ ಬಿಟ್ಟಿದ್ದೆ. ಅದರ ಕೆಲಸವನ್ನು ಎಟ್ಸೆಟ್ರಾ ಮಾಡೀತೆಂದು ತಿಳಿದಿದ್ದೆನೋ ಏನೋ.

ಮರುದಿನ ಅಧಿಕಾರಿಗಳ ಬಳಿಗೆ ಹೋಗಿ, ಅನುವಾದ ತಪ್ಪಾಗಿದೆ ಎಂದೆ. ಹೊಸದಾಗಿ ಬರೆದದ್ದನ್ನು ಮುಂದಿಟ್ಟೆ: ‘ಐ ಟುಕ್ ನೋ ಮನಿ ಆರ್ ಎನಿಥಿಂಗ್ ಫ್ರಮ್ ಎನಿವನ್. ಐ ಮೇ ಹ್ಯಾವ್ ಹ್ಯಾಡ್ ಎ ಕಪ್ ಆಫ್ ಟೀ, ದಟ್ಸ್ ಆಲ್.’ ಅವರು ಕನ್ನಡಕದ ಮೇಲಿನಿಂದ ನೋಡಿದರು. ನಿನ್ನೆ ಇದ್ದ ‘ಇತರ ವಸ್ತು’ ಇಂದು ಎಲ್ಲಿ ಹೋಯಿತು, ನೀನು ಅವನ ಊರವನಲ್ಲವೆ, ಎಂದು ಕೇಳಿದರು. ಅವರ ಸಂಶಯ ಸಹಜವಾದದ್ದೇ. ಆಗ ನನಗೆ ಹೊಳೆದದ್ದು ಒಂದೇ ಉಪಾಯ. “ಸಾಹೇಬರೆ, ತಮ್ಮ ಮನೆಗೆ ಯಾರಾದರೂ ಬಂದಾಗ ತಾವು ‘ಚಾಯ್-ವಾಯ್ ಲೇಂಗೇ?’ ಎಂದು ಕೇಳುತ್ತೀರಲ್ಲವೆ? ಅದರಲ್ಲಿ ವಾಯ್ ಎಂದರೆ ಯಾವ ವಸ್ತು?” ಎಂದೆ. ಅವರು ಒಂದು ಕ್ಷಣ ಸುಮ್ಮನಿದ್ದು ನಕ್ಕುಬಿಟ್ಟರು. ಆದರೂ ನಿಯಮದ ಮನುಷ್ಯ. ಕಾಕಾನನ್ನು ಮತ್ತೆ ಕರೆಸಿ, ಹೊಸ ಹೇಳಿಕೆಯನ್ನು ಕನ್ನಡದಲ್ಲಿ ಓದಿ ತಿಳಿಸಿ, ಅವನ ಹೆಬ್ಬೆಟ್ಟು ಹಾಕಿಸಿದರು. ಆಮೇಲೆ ಅರ್ಜಿಯಲ್ಲಿಯ ಆರೋಪ ರುಜುವಾತಾಗಲಿಲ್ಲ. ಕಾಕಾ ಕೆಲಸದಲ್ಲಿ ಉಳಿದ.

ಅಂದಿನಿಂದ ನಾನು ಒಂದು ಮಾತನ್ನು ನಂಬಿಕೊಂಡು ಬಂದಿದ್ದೇನೆ. ಪ್ರತಿಧ್ವನಿ ಪದಕ್ಕೆ ಇಂಗ್ಲಿಷಿನಲ್ಲಿ ಇನ್ನೊಂದು ಪದವನ್ನು ಹುಡುಕಬಾರದು. ಅದು ನಿಂತಿರುವ ವಾಕ್ಯ ಯಾವ ಬಗೆಯದು, ಯಾರು ಯಾರಿಗೆ ಹೇಳಿದ್ದು ಎಂಬುದನ್ನು ನೋಡಬೇಕು. ಅಮೆರಿಕದ ಭಾಷಾವಿಜ್ಞಾನಿ ಜೆಫ್ರಿ ಲಿಡ್ಜ್ ಅವರು 2001ರಲ್ಲಿ ಕನ್ನಡದ ಈ ಪ್ರಯೋಗವನ್ನೇ ಕುರಿತು ಒಂದು ಲೇಖನ ಪ್ರಕಟಿಸಿದರು. ಈ ಬಾಲ ಬರಿಯ ನಾಮಪದಕ್ಕಲ್ಲ, ವಿಭಕ್ತಿ ಹತ್ತಿದ ಪದಕ್ಕೂ ಕ್ರಿಯಾಪದಕ್ಕೂ ಹತ್ತಬಲ್ಲದೆಂಬುದು ನಾವು ದಿನವೂ ಆಡುವ ಮಾತಿನಲ್ಲಿಯೇ ಕಾಣುತ್ತದೆ. “ಬಾಗಿಲು ಮುಚ್ಚಿದೆ-ಗಿಚ್ಚಿದೆ ಅನ್ನಬೇಡ” ಎಂದಾಗ ಸಡಿಲಾಗುವುದು ಬಾಗಿಲಲ್ಲ, ಇಡಿಯ ಮಾತು. ಆದ್ದರಿಂದ ಅನುವಾದಕನ ಕಣ್ಣು ಪದದ ಮೇಲಲ್ಲ, ವಾಕ್ಯದ ಮೇಲಿರಬೇಕು.

ನನ್ನ ಅನುಭವದಲ್ಲಿ ಹೆಚ್ಚಾಗಿ ಎದುರಾಗುವ ಸಂದರ್ಭಗಳು ನಾಲ್ಕು.

ಒಂದು, ಉಪಚಾರದ ಪ್ರಶ್ನೆ. ಮನೆಗೆ ಬಂದವರನ್ನು “ಕಾಫಿ-ಗೀಫಿ ಏನಾದರೂ ತಗೋತೀರೇನು?” ಎಂದು ಕೇಳುತ್ತೇವೆ. ಇಲ್ಲಿ ‘ಗೀಫಿ’ ಅತಿಥಿಗೆ ತೆರೆದಿಟ್ಟ ಒಂದು ಬಾಗಿಲು. ಕಾಫಿ ಒಲ್ಲದವನು ಮಜ್ಜಿಗೆ ಕೇಳಬಹುದು. ಏನೂ ಬೇಡವೆನ್ನುವವನಿಗೆ ಬೇಡವೆನ್ನಲು ಸಂಕೋಚವಾಗದು. ಇಂಗ್ಲಿಷಿನಲ್ಲಿ ‘ಕಾಫಿ ಆರ್ ಸಮ್‌ಥಿಂಗ್’ ಎಂಬುದು ಇದಕ್ಕೆ ಬಹುಮಟ್ಟಿಗೆ ಸಮ. ಆದರೆ ಕೇಳುವವಳು ಸೊಸೆಯಾಗಿದ್ದು ಕುಳಿತವರು ಮಾವನವರಾಗಿದ್ದರೆ? ಸೊಸೆ ಆಗ ‘ಗೀಫಿ’ ಎನ್ನುವುದೇ ಇಲ್ಲ, “ಕಾಫಿ ತರಲೇನ್ರಿ?” ಎನ್ನುತ್ತಾಳೆ. ಅಂದರೆ ಈ ಬಾಲ ಕೇಳಿದ ಕಡೆಯಲ್ಲಿ ಸಲಿಗೆ ಇದೆ ಎಂದು ಅರ್ಥ. ಆ ಸಲಿಗೆಯನ್ನು ಇಂಗ್ಲಿಷಿನಲ್ಲಿ ಕೆಲವೊಮ್ಮೆ ಕ್ರಿಯಾಪದವನ್ನೇ ಬಿಟ್ಟು ತರಬೇಕಾಗುತ್ತದೆ. ‘ವುಡ್ ಯು ಲೈಕ್’ ಎಂದು ತೊಡಗದೆ ಬರಿಯ ‘ಕಾಫಿ ಆರ್ ಎನಿಥಿಂಗ್?’ ಎಂದರೆ ಧಾಟಿ ತಾನಾಗಿ ಇಳಿಯುತ್ತದೆ.

ಎರಡು, ನಿರಾಕರಣೆ. “ನನಗ ಕಾಫಿ-ಗೀಫಿ ಬ್ಯಾಡ.” ಇಲ್ಲಿ ‘ಎನಿ’, ‘ಆರ್ ಎನಿಥಿಂಗ್’, ‘ಎನಿ ಆಫ್ ದ್ಯಾಟ್’ ಎಂಬ ಮಾತುಗಳು ಸಹಾಯಕ್ಕೆ ಬರುತ್ತವೆ. ಇದು ನಾಲ್ಕರಲ್ಲಿ ಸುಲಭವಾದದ್ದು.

ಮೂರು, ಎಚ್ಚರಿಕೆ. “ಹುಲ್ಲಾಗ ಕಾಲಿಡಬ್ಯಾಡ, ಹಾವು-ಗೀವು ಇದ್ದೀತು”, “ಮೆಲ್ಲಕ ಹೋಗು, ಬಿದ್ದೀ-ಗಿದ್ದೀ.” ಹೇಳುವವರು ಹಾವನ್ನು ಕಂಡಿಲ್ಲ, ಬೀಳುವುದನ್ನು ಬಯಸಿಲ್ಲ. ಕೆಟ್ಟದ್ದರ ಹೆಸರನ್ನು ನೇರವಾಗಿ ಎತ್ತದೆ ಅದನ್ನು ಮಸುಕುಗೊಳಿಸಿ ನುಡಿಯುವ ಒಂದು ಮಮತೆ ಇಲ್ಲಿದೆ. ‘ಸ್ನೇಕ್ಸ್ ಅಂಡ್ ಅದರ್ ಕ್ರೀಚರ್ಸ್’ ಎಂದರೆ ಪ್ರಾಣಿಶಾಸ್ತ್ರವಾದೀತು. ‘ದೇರ್ ಮೈಟ್ ಬಿ ಎ ಸ್ನೇಕ್’ ಎಂದರೆ ಸಾಕು. ಇಲ್ಲಿ ‘ಗೀವು’ ಎಂಬುದು ‘ಮೈಟ್’ ಎಂಬುದರೊಳಗೆ ಕರಗಿಹೋಗುತ್ತದೆ. ಅದಕ್ಕೆ ಬೇರೆ ಶಬ್ದ ಬೇಡ. ಎಣಿಸಿ ನೋಡುವವರಿಗೆ ಒಂದು ಪದ ಬಿಟ್ಟುಹೋದಂತೆ ಕಂಡೀತು. ಬಿಟ್ಟುಹೋಗಿಲ್ಲ, ಜಾಗ ಬದಲಿಸಿದೆ.

ನಾಲ್ಕು, ತಿರಸ್ಕಾರ. “ಅವನ ಪ್ರೀತಿ-ಗೀತಿ ಎಲ್ಲಾ ನನಗ ಗೊತ್ತೈತಿ.” ಇಂಗ್ಲಿಷಿನಲ್ಲಿಯೂ ಒಂದು ಪ್ರತಿಧ್ವನಿ ಇದೆಯೆಂದು ಇಲ್ಲಿ ಹೇಳಬೇಕು. ಯಿಡ್ಡಿಷ್ ಭಾಷೆಯ ಯಹೂದ್ಯರು ಅಮೆರಿಕಕ್ಕೆ ಹೋದಾಗ ಜೊತೆಗೆ ಒಯ್ದ ‘ಶ್ಮ್’ ಎಂಬ ಬಾಲ ಅದು. ‘ಫ್ಯಾನ್ಸಿ-ಶ್ಮ್ಯಾನ್ಸಿ’ ಎನ್ನುತ್ತಾರೆ. ರೂಪದಲ್ಲಿ ಇದು ನಮ್ಮ ‘ಗಿ’ಯ ಒಡಹುಟ್ಟಿದಂತೆ ಕಾಣುವುದರಿಂದ ಅನುವಾದಕರಿಗೆ ಆಸೆ ಹುಟ್ಟುತ್ತದೆ. ಆದರೆ ಅದಕ್ಕೆ ಮೂದಲಿಕೆಯ ಹೊರತು ಬೇರೆ ಕೆಲಸ ಬಾರದು. ‘ಲವ್-ಶ್ಮವ್’ ಎಂದು ಈ ನಾಲ್ಕನೆಯ ಸಂದರ್ಭಕ್ಕೆ ಬಳಸಬಹುದು. ಅತಿಥಿಗೆ ‘ಕಾಫಿ-ಶ್ಮಾಫಿ’ ಎಂದರೆ ಅವನು ಕಾಫಿ ಕುಡಿಯದೆ ಎದ್ದು ಹೋಗುತ್ತಾನೆ.

ಇವುಗಳೊಂದಿಗೆ ಬೆರೆಸಬಾರದ ಇನ್ನೊಂದು ಗುಂಪು ಉಂಟು. ಮನೆ-ಮಠ, ಬಟ್ಟೆ-ಬರೆ, ಹಣ್ಣು-ಹಂಪಲ ಇವು ಬಳಕೆಯಿಂದ ಗಟ್ಟಿಯಾದ ಜೋಡುನುಡಿಗಳು. “ಅವಗ ಮನಿ-ಮಠ ಇಲ್ಲ” ಎಂದರೆ ಅಯ್ಯೋ ಎನ್ನುವ ಮರುಕ. “ಅವಗ ಮನಿ-ಗಿನಿ ಇಲ್ಲ” ಎಂದರೆ ಬರಿಯ ಸಮಾಚಾರ, ಕೆಲವೊಮ್ಮೆ ಉದಾಸೀನ. ಮೊದಲನೆಯದನ್ನು ‘ಹೌಸ್ ಆರ್ ಹೋಮ್’ ಎಂದು ತುಂಬಿದ ದನಿಯಲ್ಲಿ ತರಬೇಕು; ಎರಡನೆಯದಕ್ಕೆ ‘ಹಿ ಹ್ಯಾಸ್ ನೋ ಹೌಸ್ ಆರ್ ಎನಿಥಿಂಗ್’ ಎಂದರೆ ಸಾಲುತ್ತದೆ. ನಿಘಂಟನ್ನು ನೆಚ್ಚಿದವರಿಗೆ ಇನ್ನೊಂದು ಬಲೆ: ಬಾಲ ತಾನಾಗಿ ಬೇರೊಂದು ಪದದಂತೆ ಕಾಣುವುದುಂಟು. “ಅನ್ನಕ್ಕೆ ಹುಳಿ-ಗಿಳಿ ಏನಾದರೂ ಇದೆಯೇ?” ಎಂದು ಮೈಸೂರಿನ ಕಡೆಯವರು ಕೇಳಿದರೆ ಅವರು ಗಿಳಿಯನ್ನು ಉಣ್ಣುವವರಲ್ಲ.

ಹಾಗಾದರೆ ‘ಕಾಫಿ-ಗೀಫಿ’ ಎಂದೇ ಇಂಗ್ಲಿಷಿನಲ್ಲಿ ಉಳಿಸಬಾರದೆ ಎಂದು ಕೇಳುವವರಿದ್ದಾರೆ. ಕಥೆ ಕಾದಂಬರಿಗಳಲ್ಲಿ ಉಳಿಸಬಹುದು, ಆದರೆ ಸುತ್ತಲಿನ ಮಾತು ಓದುಗನಿಗೆ ಅದನ್ನು ಕಲಿಸಿಕೊಡುವಂತಿರಬೇಕು. ಮನೆಯಾಕೆ ‘ಕಾಫಿ-ಗೀಫಿ’ ಎಂದು ಕೇಳಿದ್ದಕ್ಕೆ ಬಂದವನು ‘ಬರಿಯ ನೀರು ಸಾಕು’ ಎಂದರೆ ಓದುಗನಿಗೆ ವಿಷಯ ತಿಳಿಯುತ್ತದೆ. ಹಾಗೆ ಒಮ್ಮೆ ಎರಡು ಸಲ ಮಾಡಿದರೆ ಸೊಗಸು. ಪುಟಪುಟಕ್ಕೂ ಮಾಡಿದರೆ ನಮ್ಮ ಜನ ಆಡುವ ಸಹಜವಾದ ಮಾತು ಅಲ್ಲಿ ವಿಚಿತ್ರ ವೇಷ ಹಾಕಿದಂತಾಗುತ್ತದೆ. ಕನ್ನಡ ಕಿವಿಗೆ ಗೀಫಿ ಕೇಳಿಸಿಯೂ ಕೇಳಿಸದಂತಿರುವ ಮಾತು. ಇಂಗ್ಲಿಷಿನಲ್ಲಿ ಅದೊಂದೇ ಎದ್ದು ಕಾಣತೊಡಗಿದರೆ ಹಗುರತನವೇ ಹೋಯಿತಲ್ಲ! ಹೇಳಿಕೆ, ದಸ್ತಾವೇಜು, ವೈದ್ಯರಿಗೆ ರೋಗಿ ಹೇಳಿದ ಮಾತು ಇಂಥವುಗಳಲ್ಲಂತೂ ಅದನ್ನು ಹಾಗೆಯೇ ಉಳಿಸಬಾರದು, ಎಟ್ಸೆಟ್ರಾ ಎಂದೂ ಬರೆಯಬಾರದು. “ಗುಳಿಗಿ-ಗಿಳಿಗಿ ತಗೊಂಡೀನ್ರಿ” ಎಂದು ರೋಗಿ ಹೇಳಿದರೆ ಅಲ್ಲಿ ಅನುವಾದವನ್ನೇ ನಿಲ್ಲಿಸಿ, ಯಾವ ಗುಳಿಗೆ, ಎಷ್ಟು ಎಂದು ಅವನನ್ನೇ ಕೇಳಬೇಕು. ಸಡಿಲ ಮಾತಿನಿಂದ ಅಪಾಯವಾಗುವಲ್ಲಿ ಕೇಳಿ ತಿಳಿಯುವುದೇ ಸರಿಯಾದ ದಾರಿ.

ಅನುವಾದ ಸರಿಯಾಯಿತೇ ಎಂದು ನೋಡಿಕೊಳ್ಳಲು ನನ್ನಲ್ಲಿ ಒಂದೇ ಒರೆಗಲ್ಲು ಇದೆ. ನನ್ನ ಇಂಗ್ಲಿಷು ವಾಕ್ಯವನ್ನು ಓದಿದವನಿಗೆ ‘ಮತ್ತೇನು? ಇನ್ನೊಂದು ಯಾವುದು?’ ಎಂದು ಕೇಳಬೇಕೆನಿಸಿದರೆ ಅನುವಾದ ಕೆಟ್ಟಿದೆ. ಏಕೆಂದರೆ ಕನ್ನಡ ಬಲ್ಲವರು ಯಾರೂ ಗೀಫಿ ಎಂದರೇನೆಂದು ಕೇಳುವುದಿಲ್ಲ. ಹುಲಿ ಕೇಳಿತು, ಕೆಂಪು ಪೆನ್ಸಿಲಿನ ಅಧಿಕಾರಿಗಳು ಕೇಳಿದರು. ಅವರಿಬ್ಬರದೂ ತಪ್ಪಲ್ಲ. ಹುಲಿಗೆ ಭಾಷೆ ಬಾರದು. ಅಧಿಕಾರಿಗಳು ನಾನು ಬರೆದದ್ದನ್ನು ಓದಿದರು.

ವಿಚಾರಣೆ ಮುಗಿದ ದಿನ ಕಾಕಾ ಗೋದಾಮಿನ ಬಾಗಿಲಲ್ಲಿ ಕುಳಿತಿದ್ದ. ನಡೆದದ್ದನ್ನೆಲ್ಲ ಹೇಳಿ, ತಪ್ಪಾಯಿತು ಕಾಕಾ ಎಂದೆ. ಅವನಿಗೆ ಎಟ್ಸೆಟ್ರಾ ಎಂಬುದು ಎಷ್ಟು ಅರ್ಥವಾಯಿತೋ ತಿಳಿಯದು. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾ ಒಂದು ಚಹಾ ಅಂದಿದ್ನೆಪಾ ತಮ್ಮಾ, ನೀ ಅದನ್ನ ಎರಡು ಮಾಡಿದಿ” ಎಂದ. ಆಮೇಲೆ ತಾನೇ ನಕ್ಕು, “ಬಾ, ಚಹಾ-ಗಿಹಾ ಕುಡಿಯೂಣು” ಎಂದು ಎದ್ದ. ಇಬ್ಬರೂ ಹೋಗಿ ಒಂದೊಂದು ಕಪ್ಪು ಚಹಾ ಕುಡಿದೆವು. ಬೇರೇನೂ ಕುಡಿಯಲಿಲ್ಲ.